ಸಹಿಗೆ ಮೊದಲು ಏಳು ಪ್ರಶ್ನೆ: ಸರ್ವಿಸ್ ಬಾಂಡ್ ಬಗ್ಗೆ ರಿಕ್ರೂಟರ್‌ಗೆ ಏನು ಕೇಳಬೇಕು?

ಆಫರ್ ಲೆಟರ್ ಕೈಗೆ ಬಂದಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಸಿಟಿಸಿ ಕಡೆಗೆ. ಬಾಂಡ್ ಇರುವುದು ಮೂರನೆಯ ಪುಟದ ಕೆಳಗೆ, ಒಂದೇ ಸಾಲಿನಲ್ಲಿ: ‘ಅಭ್ಯರ್ಥಿ ಎರಡು ವರ್ಷ ಸೇವೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ₹1,50,000 ಪಾವತಿಸತಕ್ಕದ್ದು.’ ಈ ಸಾಲಿನ ನಿಜವಾದ ಬೆಲೆ ಎಷ್ಟೆಂದು ತಿಳಿಯಲು ಏಳು ಪ್ರಶ್ನೆ ಸಾಕು. ಆಫರ್ ಒಪ್ಪಿಕೊಳ್ಳುವ ಮೊದಲೇ ಅವನ್ನು ಕೇಳಬೇಕು. ಒಪ್ಪಿದ ಮೇಲೆ ಕೇಳಿದರೆ ಉತ್ತರ ಸಿಗಬಹುದು, ಷರತ್ತು ಬದಲಾಗುವುದು ಕಷ್ಟ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯಲ್ಲಿ ಬಿಇ ಮುಗಿಸಿದ ಹುಡುಗಿಯೊಬ್ಬಳಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಆಫರ್ ಬಂದಿದೆ. ವರ್ಷಕ್ಕೆ 4.2 ಲಕ್ಷ ಸಿಟಿಸಿ, ತಿಂಗಳಿಗೆ ಕೈಗೆ ಸುಮಾರು ₹27,000. ಜೊತೆಗೆ ₹50,000 ಜಾಯ್ನಿಂಗ್ ಬೋನಸ್, ಮೂರು ತಿಂಗಳ ನೋಟಿಸ್ ಪೀರಿಯಡ್, ಮೇಲೆ ಹೇಳಿದ ಬಾಂಡ್. ಕೆಲಸಕ್ಕೆ ಸೇರುವ ದಿನ 2026ರ ಜುಲೈ 1.

1. ‘ಬಾಂಡ್‌ನ ಪೂರ್ತಿ ಪ್ರತಿ ಈಗಲೇ ಕಳಿಸುತ್ತೀರಾ?’

ಆಫರ್ ಲೆಟರ್‌ನಲ್ಲಿ ಹಲವು ಸಲ ‘ಕಂಪನಿಯ ಸೇವಾ ಒಪ್ಪಂದದ ಪ್ರಕಾರ’ ಎಂದಷ್ಟೇ ಇರುತ್ತದೆ. ಆ ಒಪ್ಪಂದ ಸ್ಟಾಂಪ್ ಪೇಪರ್ ಮೇಲೆ ನಿಮ್ಮೆದುರು ಬರುವುದು ಸೇರುವ ದಿನ ಬೆಳಗ್ಗೆ. ಆ ಹೊತ್ತಿಗೆ ನೀವು ಬೇರೆ ಆಫರ್ ಬಿಟ್ಟಿರುತ್ತೀರಿ, ಪಿಜಿಗೆ ಅಡ್ವಾನ್ಸ್ ಕೊಟ್ಟಿರುತ್ತೀರಿ. ಓದಲು ಹತ್ತು ನಿಮಿಷವೂ ಇರುವುದಿಲ್ಲ. ಆದ್ದರಿಂದ ಮೊದಲ ಬೇಡಿಕೆಯೇ ಕರಡು ಪ್ರತಿ. ಹೀಗೆ ಕೇಳಬಹುದು: ‘ಮೇಡಂ, ಆಫರ್ ನನಗೆ ಇಷ್ಟವಾಗಿದೆ. ಸೇರುವ ದಿನ ಸಹಿ ಹಾಕಬೇಕಾದ ಅಗ್ರಿಮೆಂಟ್‌ನ ಪಿಡಿಎಫ್ ಕಳಿಸಿದರೆ ಓದಿಕೊಂಡು ಒಪ್ಪಿಗೆ ಕಳಿಸುತ್ತೇನೆ.’ ಇದರಲ್ಲಿ ಜಗಳವಿಲ್ಲ, ಅನುಮಾನವೂ ಇಲ್ಲ. ‘ಅದು ಜಾಯ್ನಿಂಗ್ ದಿನವೇ ಕೊಡುವುದು’ ಎಂಬ ಉತ್ತರ ಬಂದರೆ, ಮುಂದಿನ ಆರು ಪ್ರಶ್ನೆಗಳಿಗಾದರೂ ಮೇಲ್‌ನಲ್ಲಿ ಉತ್ತರ ಬೇಕೆಂದು ಪಟ್ಟು ಹಿಡಿಯಿರಿ.

2. ‘ಎರಡು ವರ್ಷ ಯಾವ ದಿನದಿಂದ?’

ಇಲ್ಲೇ ಹೆಚ್ಚು ಜನ ಎಡವುವುದು. ಸೇರಿದ ದಿನದಿಂದ ಎಣಿಸಿದರೆ ನಮ್ಮ ಉದಾಹರಣೆಯ ಬಾಂಡ್ 2028ರ ಜೂನ್ 30ಕ್ಕೆ ಮುಗಿಯುತ್ತದೆ. ಒಪ್ಪಂದದಲ್ಲಿ ‘ಕಾಯಂ ಆದ ದಿನದಿಂದ’ ಎಂದಿದ್ದರೆ ಕಥೆ ಬೇರೆ. ನಾಲ್ಕು ತಿಂಗಳ ತರಬೇತಿ ಅಕ್ಟೋಬರ್ ಕೊನೆಗೆ ಮುಗಿಯುತ್ತದೆ, ಆಮೇಲೆ ಆರು ತಿಂಗಳ ಪ್ರೊಬೇಷನ್ 2027ರ ಏಪ್ರಿಲ್ ಕೊನೆಯವರೆಗೆ. ಎರಡು ವರ್ಷದ ಎಣಿಕೆ ಮೇ 1ರಿಂದ ಶುರುವಾಗಿ 2029ರ ಏಪ್ರಿಲ್ 30ರವರೆಗೆ ಹೋಗುತ್ತದೆ. ಎರಡು ವರ್ಷವೆಂದು ನಂಬಿದ್ದು ಎರಡು ವರ್ಷ ಹತ್ತು ತಿಂಗಳಾಯಿತು. ಪ್ರೊಬೇಷನ್ ವಿಸ್ತರಿಸುವ ಅಧಿಕಾರ ಕಂಪನಿಗಿದ್ದರೆ ಇನ್ನೂ ಮುಂದಕ್ಕೆ. ಹಾಗಾಗಿ ‘ಎಷ್ಟು ವರ್ಷ’ ಎಂದು ಕೇಳಬೇಡಿ, ‘ಬಾಂಡ್ ಮುಗಿಯುವ ತಾರೀಕು ಯಾವುದು’ ಎಂದು ಕೇಳಿ. ಹೆರಿಗೆ ರಜೆ, ಸಂಬಳವಿಲ್ಲದ ರಜೆಯ ದಿನಗಳನ್ನು ಅವಧಿಗೆ ಸೇರಿಸುತ್ತಾರೋ ಬಿಡುತ್ತಾರೋ ಎಂಬುದನ್ನೂ ಇದೇ ಉಸಿರಿನಲ್ಲಿ ಕೇಳಿಬಿಡಿ.

3. ‘ಈ ಮೊತ್ತ ಯಾವ ಖರ್ಚಿನ ಬಾಬ್ತು?’

ಬಾಂಡ್ ಬಗ್ಗೆ ಎರಡು ತಪ್ಪು ನಂಬಿಕೆಗಳಿವೆ. ಒಂದು, ‘ಬಾಂಡ್ ಕೋರ್ಟಿನಲ್ಲಿ ನಿಲ್ಲುವುದೇ ಇಲ್ಲ.’ ಇನ್ನೊಂದು, ‘ಬರೆದಷ್ಟೂ ಕಟ್ಟಲೇಬೇಕು.’

ಮೊದಲನೆಯದಕ್ಕೆ ಉತ್ತರ ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿದ್ದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿದೆ. ಮೂರು ವರ್ಷಕ್ಕೆ ಮೊದಲು ಬಿಟ್ಟರೆ ₹2 ಲಕ್ಷ ಕಟ್ಟಬೇಕೆಂಬ ಷರತ್ತಿಗೆ ಒಪ್ಪಿ 2007ರಲ್ಲಿ ಸೇರಿದ್ದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟರು. ಪ್ರತಿಭಟನೆ ದಾಖಲಿಸಿ ಹಣ ಕಟ್ಟಿ, ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ಷರತ್ತನ್ನು ಎತ್ತಿಹಿಡಿಯಿತು. ಕೆಲಸದಲ್ಲಿರುವ ಅವಧಿಗೆ ಹಾಕಿದ ಇಂಥ ನಿರ್ಬಂಧ, ವೃತ್ತಿ ಮಾಡದಂತೆ ತಡೆಯುವ ಕರಾರುಗಳನ್ನು ಅಸಿಂಧು ಎನ್ನುವ 1872ರ ಕರಾರು ಕಾಯ್ದೆಯ 27ನೇ ಕಲಮಿಗೆ ಬರುವುದಿಲ್ಲ ಎಂದಿತು. ಸಾರ್ವಜನಿಕ ಬ್ಯಾಂಕ್ ಜಾಹೀರಾತು ಕೊಟ್ಟು, ಬಹಿರಂಗ ಪ್ರಕ್ರಿಯೆ ನಡೆಸಿಯೇ ಹೊಸಬರನ್ನು ತೆಗೆದುಕೊಳ್ಳಬೇಕು, ಆ ಖರ್ಚು ಮತ್ತು ಹಿರಿಯ ಅಧಿಕಾರಿಯ ಸಂಬಳದ ಎದುರು ₹2 ಲಕ್ಷ ಅತಿಯಲ್ಲ ಎಂಬುದು ಕೋರ್ಟಿನ ನೋಟ.

ಎರಡನೆಯ ನಂಬಿಕೆಗೆ ಉತ್ತರ ಅದೇ ಕಾಯ್ದೆಯ 74ನೇ ಕಲಮು. ಕರಾರಿನಲ್ಲಿ ಬರೆದ ಮೊತ್ತ ಅಲ್ಲಿ ಗರಿಷ್ಠ ಮಿತಿ ಮಾತ್ರ, ಅದರೊಳಗೆ ಸಮಂಜಸವೆನಿಸಿದಷ್ಟೇ ಪರಿಹಾರ. ಸಿಕ್ಪಾ ಇಂಡಿಯಾ ಕಂಪನಿಯ ಪ್ರಕರಣದಲ್ಲಿ ಬಾಂಡ್ ಇದ್ದದ್ದು ಮೂರು ವರ್ಷಕ್ಕೆ ₹2 ಲಕ್ಷ. ತರಬೇತಿಗೆ ಖರ್ಚಾದದ್ದಕ್ಕೆ ಲೆಕ್ಕ ಸಿಕ್ಕಿದ್ದು ₹67,595. ನೌಕರ ಎರಡು ವರ್ಷ ದುಡಿದಿದ್ದರಿಂದ, ಉಳಿದ ಮೂರನೆಯ ಒಂದು ಪಾಲು, ಅಂದರೆ ₹22,532 ಮಾತ್ರ ಕೊಡಿಸಿದ್ದನ್ನು 2011ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಿತು.

ಎರಡನ್ನೂ ಸೇರಿಸಿ ಓದಿದರೆ ರಿಕ್ರೂಟರ್‌ಗೆ ಕೇಳಬೇಕಾದ್ದು ಸ್ಪಷ್ಟ: ತರಬೇತಿ ಎಷ್ಟು ವಾರ, ಕೊಡುವವರು ಹೊರಗಿನ ಸಂಸ್ಥೆಯೇ, ಸರ್ಟಿಫಿಕೇಷನ್ ಶುಲ್ಕ ಕಟ್ಟುತ್ತಾರೆಯೇ, ವಿದೇಶ ಪ್ರಯಾಣವಿದೆಯೇ? ‘ಎಲ್ಲರಿಗೂ ಇದೇ ಮೊತ್ತ’ ಎಂಬುದಷ್ಟೇ ಉತ್ತರವಾದರೆ, ಆ ಅಂಕಿಯ ಹಿಂದೆ ಖರ್ಚಿನ ಲೆಕ್ಕವಿಲ್ಲ ಎಂದು ಊಹಿಸಬಹುದು. ಚೌಕಾಸಿಗೆ ಜಾಗವಿರುವುದೂ ಆಗಲೇ.

4. ‘ತಿಂಗಳು ಕಳೆದಂತೆ ಮೊತ್ತ ಇಳಿಯುತ್ತದೆಯೇ?’

ಹದಿನೆಂಟು ತಿಂಗಳು ದುಡಿದು ಹೊರಟವಳ ಲೆಕ್ಕ ನೋಡಿ. ಉಳಿದ ಅವಧಿಗೆ ತಕ್ಕಂತೆ ಇಳಿಯುವ ಬಾಂಡ್ ಆದರೆ ಇಪ್ಪತ್ತನಾಲ್ಕರಲ್ಲಿ ಆರು ತಿಂಗಳ ಪಾಲು, ₹37,500. ಇಳಿಯದ ಬಾಂಡ್ ಆದರೆ ಪೂರ್ತಿ ₹1,50,000. ಇಪ್ಪತ್ತಮೂರನೆಯ ತಿಂಗಳಲ್ಲಿ ಹೊರಟರೂ ಅಷ್ಟೇ. ಏಳು ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಬದಲಾಯಿಸಿಕೊಳ್ಳುವ ಅವಕಾಶ ಸಿಕ್ಕರೆ ಇದನ್ನೇ ಆರಿಸಿಕೊಳ್ಳಿ. ಬಾಂಡ್ ತೆಗೆಯಿರಿ ಎಂದರೆ ಕಂಪನಿ ಒಪ್ಪುವುದು ಅಪರೂಪ. ‘ಉಳಿದ ತಿಂಗಳುಗಳಿಗೆ ಅನುಗುಣವಾಗಿ’ ಎಂಬ ಪದಗಳನ್ನು ಸೇರಿಸಿ ಎಂದರೆ ಒಪ್ಪುವ ಸಾಧ್ಯತೆ ಹೆಚ್ಚು, ಏಕೆಂದರೆ ಅವರ ವಕೀಲರಿಗೂ ಸಮಂಜಸ ಎನ್ನಿಸಿಕೊಳ್ಳುವ ಷರತ್ತೇ ಬೇಕು.

5. ‘ನೀವೇ ನನ್ನನ್ನು ತೆಗೆದರೆ?’

ರಾಜೀನಾಮೆ ಕೊಟ್ಟರೆ ಬಾಂಡ್ ಅನ್ವಯ, ಸರಿ. ತರಬೇತಿಯ ಕೊನೆಯ ಪರೀಕ್ಷೆಯಲ್ಲಿ ಫೇಲಾಗಿ ಮನೆಗೆ ಕಳಿಸಿದರೆ? ಪ್ರಾಜೆಕ್ಟ್ ಸಿಗದೆ ಬೆಂಚ್ ಮೇಲಿದ್ದು ಕೆಲಸ ಹೋದರೆ? ಕರಾರಿನಲ್ಲಿ ‘ಯಾವುದೇ ಕಾರಣದಿಂದ ಸೇವೆ ಕೊನೆಗೊಂಡರೆ’ ಎಂಬ ಮಾತಿದ್ದರೆ ಇವೆಲ್ಲವೂ ಅದರೊಳಗೆ ಬರುತ್ತವೆ. ಅದರ ಬದಲಿಗೆ ‘ಅಭ್ಯರ್ಥಿ ಸ್ವಇಚ್ಛೆಯಿಂದ ರಾಜೀನಾಮೆ ನೀಡಿದಲ್ಲಿ ಅಥವಾ ದುರ್ನಡತೆಗಾಗಿ ವಜಾಗೊಂಡಲ್ಲಿ’ ಎಂದು ಬರೆಸಿಕೊಳ್ಳಲು ಯತ್ನಿಸಿ. ಊರು ಬದಲಾವಣೆಯೂ ಇಲ್ಲಿಯದೇ ಪ್ರಶ್ನೆ: ಬೆಂಗಳೂರಿಗೆ ಸೇರಿಸಿಕೊಂಡು ಗುರುಗ್ರಾಮಕ್ಕೆ ಕಳಿಸಿದರೆ, ಹೋಗಲಾಗದವರಿಗೂ ಬಾಂಡ್ ಇದೆಯೇ?

6. ‘ಹತ್ತನೇ ತಿಂಗಳಲ್ಲಿ ಬಿಟ್ಟರೆ ಒಟ್ಟು ಎಷ್ಟು?’

ಬಾಂಡ್ ಬೇರೆ, ನೋಟಿಸ್ ಪೀರಿಯಡ್ ಬೇರೆ, ಜಾಯ್ನಿಂಗ್ ಬೋನಸ್ ವಾಪಸಾತಿ ಬೇರೆ. ಮೂರೂ ಒಟ್ಟಿಗೆ ಬೀಳಬಹುದು. ನಮ್ಮ ಉದಾಹರಣೆಯವಳು ಹತ್ತು ತಿಂಗಳು ಮುಗಿಸಿ, ಮೂರು ತಿಂಗಳ ನೋಟಿಸ್‌ನಲ್ಲಿ ಒಂದನ್ನಷ್ಟೇ ಪೂರೈಸಿ ಹೊರಟಳು ಎನ್ನಿ. ನೋಟಿಸ್ ಅವಧಿಯೂ ಆ ಹತ್ತರಲ್ಲೇ ಸೇರಿದೆ. ಇಳಿಯುವ ಬಾಂಡ್ ಆದರೂ ಹದಿನಾಲ್ಕು ತಿಂಗಳಿಗೆ ₹87,500. ಒಂದು ವರ್ಷ ಆಗಿಲ್ಲವೆಂದು ಬೋನಸ್ ₹50,000. ನೋಟಿಸ್ ಕೊರತೆಗೆ ಎರಡು ತಿಂಗಳ ಸಂಬಳ ₹54,000. ಒಟ್ಟು ₹1,91,500, ಅಂದರೆ ಏಳು ತಿಂಗಳ ಸಂಬಳ ಮೀರಿತು. ಬಾಂಡ್ ಇಳಿಯದಿದ್ದರೆ ₹2,54,000. ನೋಟಿಸ್ ಕೊರತೆಯನ್ನು ಬೇಸಿಕ್ ಮೇಲೆ ಹಿಡಿಯುತ್ತಾರೋ ಪೂರ್ತಿ ಸಂಬಳದ ಮೇಲೋ ಎಂದು ಕೇಳಿದರೆ ಈ ಲೆಕ್ಕ ಇನ್ನೂ ನಿಖರವಾಗುತ್ತದೆ. ಎರಡನೇ ವರ್ಷದ ಕೊನೆಗೆ ಕೊಡುವ ರಿಟೆನ್ಷನ್ ಬೋನಸ್ಸನ್ನು ಸಿಟಿಸಿ ಒಳಗೇ ತೋರಿಸಿದ್ದರೆ, ಅದು ಸದ್ಯಕ್ಕೆ ನಿಮ್ಮ ಸಂಬಳವಲ್ಲ ಎಂಬುದೂ ನೆನಪಿರಲಿ.

7. ‘ಸಹಿಯ ಜೊತೆ ಇನ್ನೇನು ಕೊಡಬೇಕು?’

ಮಾರ್ಕ್ಸ್ ಕಾರ್ಡಿನ ಮೂಲಪ್ರತಿ, ಸಹಿ ಹಾಕಿದ ಖಾಲಿ ಚೆಕ್, ಅಪ್ಪನ ಜಾಮೀನು ಸಹಿ: ಈ ಮೂರರಲ್ಲಿ ಯಾವುದನ್ನು ಕೇಳಿದರೂ ಅಲ್ಲೇ ನಿಲ್ಲಿ. ಬಾಂಡ್ ಮುರಿದರೆ ಅದು ಸಿವಿಲ್ ವ್ಯಾಜ್ಯ. ನಿಮ್ಮನ್ನು ಬಲವಂತವಾಗಿ ದುಡಿಸಲು ಯಾವ ಕೋರ್ಟೂ ಆದೇಶ ಕೊಡುವುದಿಲ್ಲ, ಹಣದ ಪ್ರಶ್ನೆ ಮಾತ್ರ ಉಳಿಯುತ್ತದೆ. ಚೆಕ್ ಬೌನ್ಸಾದರೆ ಹಾಗಲ್ಲ, ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ಕೇಸಾಗಬಹುದು. ಜಾಮೀನು ಹಾಕಿದ ಅಪ್ಪನ ಹೊಣೆ ಸಾಮಾನ್ಯವಾಗಿ ನಿಮ್ಮಷ್ಟೇ ಇರುತ್ತದೆ. ಮೂಲ ಅಂಕಪಟ್ಟಿ ಅವರ ಬೀರುವಿನಲ್ಲಿದ್ದರೆ ಮುಂದಿನ ಕೆಲಸಕ್ಕೆ ಸೇರುವುದೇ ತೊಡಕು. ‘ಮೂಲಪ್ರತಿ ತೋರಿಸುತ್ತೇನೆ, ನೀವು ಪರಿಶೀಲಿಸಿ ವಾಪಸ್ ಕೊಡಿ, ದೃಢೀಕೃತ ನಕಲು ಇಟ್ಟುಕೊಳ್ಳಿ’ ಎನ್ನಿ.

ಉತ್ತರ ಬಂದ ಮೇಲೆ

ಫೋನಿನಲ್ಲಿ ಕೇಳುವುದು ಸುಲಭ, ಆದರೆ ಅಲ್ಲಿಗೇ ಬಿಡಬೇಡಿ. ‘ಅಯ್ಯೋ, ಅದೆಲ್ಲ ಫಾರ್ಮಾಲಿಟಿ ಅಷ್ಟೇ, ಯಾರ ಹತ್ತಿರವೂ ವಸೂಲಿ ಮಾಡಿಲ್ಲ’ ಎನ್ನುವವರು ಕನ್ಸಲ್ಟೆನ್ಸಿಯವರಾಗಿದ್ದರೆ ಅವರ ಕಮಿಷನ್ ನೀವು ಸೇರುವುದರ ಮೇಲೆ ನಿಂತಿರುತ್ತದೆ. ಕಂಪನಿಯ ರಿಕ್ರೂಟರ್ ಆದರೂ ನೀವು ಹೊರಡುವ ದಿನ ಅಲ್ಲಿರುತ್ತಾರೆಂಬ ಖಾತ್ರಿ ಇಲ್ಲ. ಫುಲ್ ಆ್ಯಂಡ್ ಫೈನಲ್ ಲೆಕ್ಕ ಹಾಕುವವರು ನೋಡುವುದು ಸಹಿಯಾದ ಕಾಗದವನ್ನು. ಅದೇ ಸಂಜೆ ಮೇಲ್ ಕಳಿಸಿ: ‘ಇವತ್ತು ಮಾತಾಡಿದಂತೆ, ಬಾಂಡ್ 2028ರ ಜೂನ್ 30ಕ್ಕೆ ಮುಗಿಯುತ್ತದೆ, ಮೊತ್ತ ಉಳಿದ ತಿಂಗಳಿಗೆ ತಕ್ಕಂತೆ ಇಳಿಯುತ್ತದೆ, ಕಂಪನಿಯೇ ಕೆಲಸದಿಂದ ತೆಗೆದರೆ ಅನ್ವಯವಾಗುವುದಿಲ್ಲ. ಸರಿಯಿದ್ದರೆ ಎಚ್‌ಆರ್ ಅವರಿಂದ ಖಚಿತಪಡಿಸಿ.’ ಒಪ್ಪಂದದಲ್ಲಿ ‘ಹಿಂದಿನ ಎಲ್ಲ ಮಾತುಕತೆಗಳ ಬದಲಿಗೆ ಇದೇ ಅಂತಿಮ’ ಎಂಬ ಷರತ್ತಿದ್ದರೆ ಮೇಲ್ ಕೂಡ ಸಾಲದು, ತಿದ್ದುಪಡಿ ಒಪ್ಪಂದದೊಳಗೇ ಬರಬೇಕು.

ಉತ್ತರ ಬಾರದೆ ಸಹಿಯ ಗಡುವು ಹತ್ತಿರವಾದರೆ ಎರಡು ದಿನ ಕಾಲಾವಕಾಶ ಕೇಳಿ, ಅಷ್ಟರಲ್ಲಿ ಕರಡನ್ನು ಒಬ್ಬ ವಕೀಲರಿಗೆ ತೋರಿಸಿ. ಮುಗಿಯುವ ತಾರೀಕು ಮತ್ತು ಗರಿಷ್ಠ ಮೊತ್ತ, ಈ ಎರಡನ್ನೂ ಬರೆದು ಕೊಡಲು ಒಪ್ಪದ ಕಂಪನಿಯ ಬಾಂಡ್‌ಗೆ ಸಹಿ ಹಾಕುವುದೆಂದರೆ ಎಷ್ಟು ಸಾಲ, ಎಂದಿನವರೆಗೆ ಎಂದು ತಿಳಿಯದೆ ಪ್ರಾಮಿಸರಿ ನೋಟಿಗೆ ಸಹಿ ಹಾಕಿದಂತೆ. ಅಂಥದ್ದಕ್ಕಿಂತ ಬಾಂಡ್ ಇಲ್ಲದ 3.6 ಲಕ್ಷದ ಆಫರ್ ಕೈಯಲ್ಲಿದ್ದರೆ ಅದನ್ನು ಒಪ್ಪಿಕೊಳ್ಳುವುದೇ ಲಾಭ.