ಛತ್ರದ ಬುಕಿಂಗ್: ರಸೀದಿಯಲ್ಲಿ ತಾರೀಖಷ್ಟೇ ಅಲ್ಲ, ಗಂಟೆಯೂ ಇರಲಿ

ಲಗ್ಗೆರೆ, ನಂದಿನಿ ಲೇಔಟ್, ರಾಜಗೋಪಾಲನಗರದ ಸುತ್ತಮುತ್ತ ಲಗ್ನದ ತಿಂಗಳು ಬಂತೆಂದರೆ ಛತ್ರಗಳಿಗೆ ಬಿಡುವಿರುವುದಿಲ್ಲ. ಮಧ್ಯಾಹ್ನ ಒಂದು ಮದುವೆಯ ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಇನ್ನೊಂದು ಮನೆಯವರ ಹೂವಿನ ಗಾಡಿ ಬಾಗಿಲಲ್ಲಿ ನಿಂತಿರುತ್ತದೆ. ಇಷ್ಟಾದರೂ ಮುಂಗಡ ಕೊಟ್ಟವರ ಕೈಗೆ ಬರುವ ರಸೀದಿಯಲ್ಲಿ ಸಾಮಾನ್ಯವಾಗಿ ಇರುವುದು ಹೆಸರು, ಮೊತ್ತ ಮತ್ತು ಒಂದು ತಾರೀಖು ಮಾತ್ರ. ‘ಒಂದು ದಿನದ ಬಾಡಿಗೆ’ ಎಂದರೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂಬುದು ಮ್ಯಾನೇಜರ್ ಬಾಯಿಮಾತಿನಲ್ಲೇ ಉಳಿದುಬಿಡುತ್ತದೆ.

1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಆದರೆ ತಕರಾರು ಬಂದಾಗ ಅದನ್ನು ಸಾಬೀತುಪಡಿಸುವುದು ಕಷ್ಟ. ಆದ್ದರಿಂದ ಹಾಲ್ ಕೈಗೆ ಸಿಗುವ ಗಂಟೆ, ಧಾರೆಯ ಗಂಟೆ ಮತ್ತು ಹಾಲ್ ಬಿಡುವ ಗಂಟೆ, ಈ ಮೂರನ್ನೂ ಬರವಣಿಗೆಯಲ್ಲಿ ಪಡೆಯಬೇಕು.

ಹಾಲ್ ಕೈಗೆ ಸಿಗುವ ಗಂಟೆ

ಒಂದು ಉದಾಹರಣೆ ನೋಡೋಣ. ಲಗ್ಗೆರೆಯ ಒಂದು ಮನೆಯವರು 13ನೇ ತಾರೀಖು ಶನಿವಾರ ಸಂಜೆ ಆರತಕ್ಷತೆ, 14ನೇ ತಾರೀಖು ಭಾನುವಾರ ಧಾರೆ ಎಂದು ಗೊತ್ತು ಮಾಡಿದ್ದಾರೆ ಎಂದುಕೊಳ್ಳಿ. ಮ್ಯಾನೇಜರ್ ‘ಶನಿವಾರ ಮಧ್ಯಾಹ್ನ ಬನ್ನಿ ಸರ್’ ಎಂದಿದ್ದಾರೆ. ಮಧ್ಯಾಹ್ನ ಎಂದರೆ ಮನೆಯವರ ಲೆಕ್ಕದಲ್ಲಿ ಹನ್ನೆರಡು ಗಂಟೆ, ಮ್ಯಾನೇಜರ್ ಲೆಕ್ಕದಲ್ಲಿ ಮೂರು. ಸ್ಟೇಜ್ ಅಲಂಕಾರಕ್ಕೆ ಐದಾರು ಗಂಟೆ ಬೇಕು. ಮೂರಕ್ಕೆ ಬೀಗ ತೆಗೆದರೆ ಏಳಕ್ಕೆ ಬರುವ ನೆಂಟರ ಎದುರಿಗೇ ಹೂ ಕಟ್ಟಬೇಕಾಗುತ್ತದೆ.

ಆದ್ದರಿಂದ ಮೊದಲು ಡೆಕೊರೇಶನ್‌ನವರನ್ನೂ ಅಡುಗೆಯವರನ್ನೂ ಎಷ್ಟು ಹೊತ್ತು ಬೇಕೆಂದು ಕೇಳಿ, ಆಮೇಲೆ ಮ್ಯಾನೇಜರ್ ಜೊತೆ ಮಾತಾಡಿ. ಅಡುಗೆಮನೆ ಮತ್ತು ಉಗ್ರಾಣ ಹಾಲ್‌ಗಿಂತ ಮೊದಲೇ ಬೇಕಾಗುವುದರಿಂದ ಅವುಗಳ ಗಂಟೆಯನ್ನು ಬೇರೆಯಾಗಿ ಬರೆಸಿ. ಹಿಂದಿನ ರಾತ್ರಿ ಅಥವಾ ಅದೇ ಬೆಳಿಗ್ಗೆ ಬೇರೆ ಬುಕಿಂಗ್ ಇದೆಯೇ ಎಂದೂ ಕೇಳಿ. ಇದ್ದರೆ ಅದರಿಂದ ಆಗುವ ತಡಕ್ಕೆ ನೀವು ಹೊಣೆಯಲ್ಲ. ‘ಹಿಂದಿನವರು ಖಾಲಿ ಮಾಡಲಿಲ್ಲ’ ಎಂಬುದು ಛತ್ರದವರಿಗೂ ಆ ಮನೆಯವರಿಗೂ ನಡುವಿನ ವಿಷಯ. ನಿಮ್ಮ ಒಪ್ಪಂದ ಛತ್ರದ ಜೊತೆಗಿದೆ. ಒಪ್ಪಿದ ಗಂಟೆಗೆ ಹಾಲ್ ಕೊಡದಿದ್ದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(11)ರ ಪ್ರಕಾರ ಸೇವಾ ನ್ಯೂನತೆ ಎಂದು ವಾದಿಸಲು ನಿಮಗೆ ಆಧಾರವಿದೆ.

ಧಾರೆಯ ಗಂಟೆ

ಬ್ರಾಹ್ಮೀ ಮುಹೂರ್ತದ ಮದುವೆಯಲ್ಲಿ ತಾರೀಖೇ ಎಡವಟ್ಟಾಗಬಹುದು. ಪಂಚಾಂಗದ ವಾರ ಸೂರ್ಯೋದಯದಿಂದ ಶುರುವಾಗುತ್ತದೆ, ರಸೀದಿಯ ತಾರೀಖು ರಾತ್ರಿ 12ಕ್ಕೆ ಬದಲಾಗುತ್ತದೆ. ಭಾನುವಾರ ಬೆಳಗಿನ ಜಾವ 4.30ರ ಧಾರೆಯನ್ನು ಪುರೋಹಿತರು ಶನಿವಾರದ್ದೆಂದು ಎಣಿಸಬಹುದು. ಹಾಗಾಗಿ ‘14ನೇ ತಾರೀಖು ಭಾನುವಾರ, ಬೆಳಗಿನ ಜಾವ 4.30ರಿಂದ 6’ ಎಂದು ತಾರೀಖು, ವಾರ, ಗಂಟೆ ಮೂರನ್ನೂ ಬರೆಸಿ. ಆ ಹೊತ್ತಿಗೆ ನೀರು, ವಧುವಿನ ಕೋಣೆ ಮತ್ತು ಜನರೇಟರ್ ಸಿದ್ಧವಿರಬೇಕೆಂಬ ಮಾತೂ ಅದರಲ್ಲೇ ಸೇರಲಿ.

ಇಲ್ಲಿ ಇನ್ನೊಂದು ಕಾನೂನು ಅಡ್ಡ ಬರುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನಾಗಲಿ ವಾದ್ಯವನ್ನಾಗಲಿ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣದೊಳಗೆ, ಒಳಗಿನವರಿಗೆ ಮಾತ್ರ ಕೇಳುವಂತೆ ಬಳಸಲು ವಿನಾಯಿತಿ ಇದೆ. ಹೊರಗಿನ ಚಪ್ಪರಕ್ಕೂ ರಸ್ತೆಯ ಮೆರವಣಿಗೆಗೂ ಆ ವಿನಾಯಿತಿ ಇಲ್ಲ. ಲಗ್ಗೆರೆಯಂತೆ ಮನೆಗಳು ಒತ್ತೊತ್ತಾಗಿರುವ ಕಡೆ ಒಂದು ಫೋನ್ ಕರೆಗೆ ಪೊಲೀಸರು ಬಂದು ಆರ್ಕೆಸ್ಟ್ರಾ ನಿಲ್ಲಿಸಬಹುದು. ಆರತಕ್ಷತೆಯ ಹಾಡನ್ನು 10ಕ್ಕೆ ಮುಗಿಸಿ, ಬೆಳಗಿನ ವಾಲಗವನ್ನು ಹಾಲ್‌ನ ಒಳಗೇ ಇಡಿಸಿ.

ಬಿಡುವ ಗಂಟೆ

ಹೆಚ್ಚು ಜಗಳ ಹುಟ್ಟುವುದು ಇಲ್ಲಿ. ‘ಮೂರಕ್ಕೆ ಬಿಡಬೇಕು’ ಎಂದರೆ ನೆಂಟರು ಹೊರಡುವುದೋ, ಪಾತ್ರೆ ತೊಳೆದು ಸ್ಟೇಜ್ ಬಿಚ್ಚಿ ಸಾಮಾನು ಗಾಡಿಗೆ ಏರಿಸುವುದೋ? ಎರಡರ ನಡುವೆ ಒಂದೂವರೆ ಎರಡು ಗಂಟೆಯ ಅಂತರವಿರುತ್ತದೆ. ಊಟದ ಹಾಲ್ 2ಕ್ಕೆ, ಅಡುಗೆಮನೆ ಮತ್ತು ಕೋಣೆಗಳು 3.30ಕ್ಕೆ ಎಂದು ಬಿಡಿಬಿಡಿಯಾಗಿ ಬರೆಸಿ. ತಡವಾದರೆ ಗಂಟೆಗೆ ಎಷ್ಟು ಎಂಬುದೂ ಮೊದಲೇ ಗೊತ್ತಿರಲಿ.

ತಡ ಮಾಡಿದರೆ ತಪ್ಪು ನಮ್ಮದೇ, ಹೊರಗೆ ಇನ್ನೊಂದು ಮನೆಯವರು ಕಾಯುತ್ತಿರುತ್ತಾರೆ. ಆದರೆ ಅರ್ಧ ಗಂಟೆ ತಡಕ್ಕೆ ಇಡೀ ಡೆಪಾಸಿಟ್ ಹಿಡಿದಿಟ್ಟುಕೊಳ್ಳಲು ಬಾರದು. ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ, ಕರಾರು ಕಾಯ್ದೆಯ ಸೆಕ್ಷನ್ 74ರಡಿ ಆ ಮೊತ್ತದ ಮಿತಿಯೊಳಗೆ ನ್ಯಾಯವಾದ ಪರಿಹಾರವಷ್ಟೇ ಸಿಗುತ್ತದೆ. ಕೈಲಾಶ್‌ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಈ ತತ್ವವನ್ನು ವಿವರವಾಗಿ ಹೇಳಿದೆ. ಒಳಗೆ ಹೋಗುವಾಗಲೂ ಹೊರಡುವಾಗಲೂ ಮ್ಯಾನೇಜರ್ ಜೊತೆ ನಿಂತು ಕರೆಂಟ್ ಮೀಟರಿನ ರೀಡಿಂಗ್ ಫೋಟೊ ತೆಗೆಯಿರಿ, ಪಾತ್ರೆ ಮತ್ತು ಕುರ್ಚಿ ಎಣಿಸಿಕೊಳ್ಳಿ. ಕಡಿತ ಮಾಡಿದರೆ ಯಾವುದಕ್ಕೆ ಎಷ್ಟು ಎಂಬ ಚೀಟಿ ಕೇಳಿ.

ಖಚಿತಪಡಿಸುವ ಪತ್ರ

ಮುಂಗಡವನ್ನು ಛತ್ರದ ಬ್ಯಾಂಕ್ ಖಾತೆಗೇ ಹಾಕಿ, ಛತ್ರದ ಹೆಸರು ಮತ್ತು ಮೊಹರಿರುವ ರಸೀದಿ ಪಡೆಯಿರಿ. ಜಿಎಸ್‌ಟಿ ನೋಂದಣಿ ಇರುವ ಛತ್ರವಾದರೆ ಮುಂಗಡಕ್ಕೂ ಜಿಎಸ್‌ಟಿ ನಂಬರಿನ ರಸೀದಿ ಕೊಡಬೇಕು. ವಾಪಸ್ ಕೊಡಬೇಕಾದ ಡೆಪಾಸಿಟ್ ಬಾಡಿಗೆಗೆ ವಜಾ ಆಗುವವರೆಗೆ ಅದರ ಮೇಲೆ ತೆರಿಗೆ ಇಲ್ಲ. ಆಮೇಲೆ ಈ ರೀತಿ ಬರೆದು ಕಳಿಸಿ:

*‘ಮಾನ್ಯರೇ, ನಿಮ್ಮ ರಸೀದಿ ನಂ. ___ರ ಪ್ರಕಾರ ನಮ್ಮ ಮಗಳ ಮದುವೆಗೆ ಛತ್ರ ಗೊತ್ತು ಮಾಡಿದ್ದೇವೆ. ನಾವು ಮಾತಾಡಿಕೊಂಡಂತೆ: 13ನೇ ತಾರೀಖು ಶನಿವಾರ ಬೆಳಿಗ್ಗೆ 10ಕ್ಕೆ ಅಡುಗೆಮನೆ, ಮಧ್ಯಾಹ್ನ 12ಕ್ಕೆ ಹಾಲ್ ಮತ್ತು ಕೋಣೆಗಳು ನಮಗೆ ಸಿಗುತ್ತವೆ. ಆರತಕ್ಷತೆ ಸಂಜೆ 7ರಿಂದ ರಾತ್ರಿ 10. ಧಾರೆ 14ನೇ ತಾರೀಖು ಭಾನುವಾರ ಬೆಳಗಿನ ಜಾವ 4.30ರಿಂದ 6. ಊಟದ ಹಾಲ್ ಮಧ್ಯಾಹ್ನ 2ಕ್ಕೆ, ಉಳಿದದ್ದೆಲ್ಲ 3.30ಕ್ಕೆ ಬಿಟ್ಟುಕೊಡುತ್ತೇವೆ. ತಡವಾದರೆ ಗಂಟೆಗೆ ರೂ. ___. ಇದು ಸರಿಯಿದ್ದರೆ ದಯವಿಟ್ಟು ಒಪ್ಪಿಗೆ ತಿಳಿಸಿ.’*

ವಾಟ್ಸ್‌ಆ್ಯಪ್‌ನಲ್ಲಿ ನೀಲಿ ಗೆರೆ ಬಂದರೆ ಓದಿದರು ಎಂದಷ್ಟೇ ಅರ್ಥ, ಒಪ್ಪಿದರು ಎಂದಲ್ಲ. ‘ಒಪ್ಪಿದೆ’ ಎಂಬ ಉತ್ತರ ಬೇಕು, ಇಲ್ಲವೇ ಪತ್ರದ ಪ್ರತಿಯ ಮೇಲೆ ಸಹಿ ಮತ್ತು ಮೊಹರು ಬೇಕು. ಮ್ಯಾನೇಜರ್ ಬದಲಾಗುವುದುಂಟು. ಆದ್ದರಿಂದ ಮದುವೆಗೆ ಒಂದು ತಿಂಗಳಿರುವಾಗ ಅದೇ ಪತ್ರವನ್ನು ಮತ್ತೆ ಕಳಿಸಿ. ಛತ್ರದ ಪರವಾಗಿ ಬುಕಿಂಗ್ ಮಾಡುವ ಮ್ಯಾನೇಜರ್ ಕೊಟ್ಟ ಮಾತಿಗೆ ಸಾಮಾನ್ಯವಾಗಿ ಮಾಲೀಕರು ಬದ್ಧರು.

ಮಾತು ತಪ್ಪಿದರೆ

ಮದುವೆಯ ದಿನ ಜಗಳಕ್ಕಿಂತ ದಾಖಲೆ ಮುಖ್ಯ. 12ಕ್ಕೆ ಬೀಗ ತೆಗೆಯದಿದ್ದರೆ ಬಾಗಿಲಿನ ಫೋಟೊ ತೆಗೆದು ‘ಇನ್ನೂ ಹಾಲ್ ಕೊಟ್ಟಿಲ್ಲ’ ಎಂದು ಆಗಲೇ ಮ್ಯಾನೇಜರ್‌ಗೆ ಮೆಸೇಜ್ ಹಾಕಿ. ಕಾದು ನಿಂತ ಕೆಲಸಗಾರರಿಗೆ ಹೆಚ್ಚುವರಿ ಕೂಲಿ ಕೊಟ್ಟಿದ್ದರೆ ಅದರ ಬಿಲ್ ಪಡೆಯಿರಿ. ಮದುವೆ ಮುಗಿದ ಮೇಲೆ ಹದಿನೈದು ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಬಹುದು.

ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ನೀವು ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಬಾಡಿಗೆಯಾಗಿ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಸಾಕ್ಷ್ಯವಾಗಿ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರವನ್ನೂ ಲಗತ್ತಿಸಿ, ಮೂಲ ಸಂದೇಶಗಳನ್ನು ಫೋನಿನಿಂದ ಅಳಿಸಬೇಡಿ. ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ರಸೀದಿ, ಒಪ್ಪಿಗೆಯ ಉತ್ತರ, ಹೆಚ್ಚುವರಿ ಖರ್ಚಿನ ಬಿಲ್ ಮೂರೂ ಅಲ್ಲಿಯವರೆಗೆ ಮದುವೆಯ ಲೆಕ್ಕದ ಪುಸ್ತಕದೊಳಗೇ ಇರಲಿ.