ಹುರಿಯುವ ಲೆಕ್ಕ ಬದಲಾದಾಗ ಚಿಕೋರಿ ಲೋಡ್ ಮುಂದೂಡುವುದು ಹೇಗೆ?

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ತೋಟದ ಕಾಫಿಯನ್ನು ತಾವೇ ಹುರಿದು, ಪುಡಿ ಮಾಡಿ ಮಾರುವ ಸಣ್ಣ ಘಟಕಗಳಿಗೆ ಕಾಫಿಗಾಗಿ ಪರದಾಟವಿಲ್ಲ. ದೂರದಿಂದ ಬರಬೇಕಾದದ್ದು ಚಿಕೋರಿ ಮತ್ತು ಅಚ್ಚು ಹಾಕಿಸಿದ ಪೌಚ್. ಚಿಕೋರಿ ಬಹುಪಾಲು ಗುಜರಾತಿನ ಜಾಮ್‌ನಗರದ ಸುತ್ತಮುತ್ತಲಿನದು. ಪೌಚ್ ಸಾಮಾನ್ಯವಾಗಿ ಬೆಂಗಳೂರಿನಿಂದ. ಎರಡಕ್ಕೂ ತಿಂಗಳುಗಟ್ಟಲೆ ಮುಂಚೆಯೇ ಆರ್ಡರ್ ಕೊಟ್ಟು, ಯಾವ ತಾರೀಕಿಗೆ ಎಷ್ಟು ಎಂದು ಗೊತ್ತು ಮಾಡಿಕೊಂಡಿರುತ್ತಾರೆ. ನಡುವೆ ನಮ್ಮ ಲೆಕ್ಕವೇ ತಪ್ಪಿದರೆ ಪೂರೈಕೆದಾರರ ಬಳಿ ಹೇಗೆ ಕೇಳಬೇಕು ಎನ್ನುವುದಕ್ಕೆ ಒಂದು ಕ್ರಮವಿದೆ.

ಮೂಡಿಗೆರೆ ಬಳಿಯ ಒಂದು ಘಟಕವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತಿಂಗಳಿಗೆ 2,000 ಕಿಲೋ ಪುಡಿ, ಕಾಫಿ 70 ಪಾಲು, ಚಿಕೋರಿ 30 ಪಾಲು. ಅಂದರೆ ತಿಂಗಳಿಗೆ 600 ಕಿಲೋ ಚಿಕೋರಿ, 50 ಕಿಲೋದ 12 ಚೀಲ. ಜುಲೈ, ಆಗಸ್ಟ್, ಸೆಪ್ಟೆಂಬರ್ 5ನೇ ತಾರೀಕಿಗೆ ತಲಾ 12 ಚೀಲ ಬರಬೇಕೆಂದು ಮೇ ತಿಂಗಳಲ್ಲೇ ಆರ್ಡರ್ ಆಗಿದೆ. ಜೂನ್ 22ಕ್ಕೆ ರೋಸ್ಟರಿನ ಗೇರ್‌ಬಾಕ್ಸ್ ಕೈಕೊಟ್ಟಿತು. ರಿಪೇರಿ ಮುಗಿಯುವವರೆಗೆ ಕೆಲಸ ನಿಲ್ಲುವುದರಿಂದ ಜುಲೈನಲ್ಲಿ 1,000 ಕಿಲೋ ಮಾತ್ರ ಸಾಧ್ಯ. ಬಾಕಿ ಸರಕನ್ನು ಸೆಪ್ಟೆಂಬರಿನಲ್ಲಿ ತೆಗೆದುಕೊಳ್ಳಲು ಮಂಗಳೂರಿನ ಅಂಗಡಿಯವರು ಒಪ್ಪಿದ್ದಾರೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಫೋನ್ ಎತ್ತಿಕೊಳ್ಳುತ್ತಾರೆ. ಅದಕ್ಕೆ ಮುಂಚೆ ಪೆನ್ನು ಹಿಡಿಯುವುದು ಒಳ್ಳೆಯದು. ಹೊಸ ಲೆಕ್ಕದಂತೆ ಜುಲೈಗೆ 1,000, ಆಗಸ್ಟಿಗೆ 2,000, ಸೆಪ್ಟೆಂಬರಿಗೆ 3,000 ಕಿಲೋ ಪುಡಿ. ಚಿಕೋರಿ ಕ್ರಮವಾಗಿ 6, 12, 18 ಚೀಲ. ಒಟ್ಟು 36, ಹಳೆಯ ಆರ್ಡರಿನಷ್ಟೇ. ಮಾತುಕತೆಯಲ್ಲಿ ನಿಮ್ಮ ಕೈಯಲ್ಲಿರುವ ಬಲವೇ ಇದು. ಆರ್ಡರ್ ಕಡಿಮೆ ಮಾಡಿ ಎನ್ನುವವರಿಗೂ ತಾರೀಕು ಬದಲಿಸಿ ಎನ್ನುವವರಿಗೂ ಪೂರೈಕೆದಾರರು ಕೊಡುವ ಉತ್ತರ ಬೇರೆ ಬೇರೆ.

ಕೈಯಲ್ಲಿರುವ ದಾಸ್ತಾನನ್ನೂ ನೋಡಿ. ಗೋದಾಮಿನಲ್ಲಿ 2 ಚೀಲ ಉಳಿದಿದೆ ಎನ್ನಿ. ತಿಂಗಳಿಗೆ 25 ದಿನ ಕೆಲಸವಾದರೆ ಆಗಸ್ಟಿನಲ್ಲಿ ದಿನಕ್ಕೆ 24 ಕಿಲೋ ಬೇಕು; ಆ 100 ಕಿಲೋ ನಾಲ್ಕು ದಿನಕ್ಕೆ ಸಾಕು. ಸೆಪ್ಟೆಂಬರಿನಲ್ಲಿ ದಿನಕ್ಕೆ 36 ಕಿಲೋ, ಮೂರು ದಿನವೂ ಬಾರದು. ಚಾರ್ಮಾಡಿಯಲ್ಲಿ ಗುಡ್ಡ ಕುಸಿದರೆ ಲಾರಿ ಸುತ್ತಿ ಬರಬೇಕು. 2019ರ ಆಗಸ್ಟಿನ ಮಳೆಗೆ ಆ ದಾರಿ ಬಂದ್ ಆಗಿದ್ದನ್ನು ಇಲ್ಲಿನವರು ಮರೆತಿಲ್ಲ. ಆದ್ದರಿಂದ ಸೆಪ್ಟೆಂಬರಿನ 18 ಚೀಲವನ್ನು 5ನೇ ತಾರೀಕಿಗೆ ಬಿಡದೆ ಆಗಸ್ಟ್ 28ಕ್ಕೇ ತಲುಪುವಂತೆ ಕೇಳಬೇಕು. ಹೊರನಾಡಿನ ಕಡೆಯ ಘಟಕಗಳಾದರೆ ಇನ್ನೂ ಎರಡು ದಿನ ಹಿಂದಕ್ಕೆ ಹಾಕಿಕೊಳ್ಳಲಿ. ಭದ್ರೆ ಉಕ್ಕಿದಾಗ ಹೆಬ್ಬಾಳೆ ಸೇತುವೆ ಮುಳುಗಿ ಕಳಸದ ಸಂಪರ್ಕ ತಪ್ಪುತ್ತದೆ.

ಈಗ ಫೋನ್ ಮಾಡಿ. ಮೊದಲ ಮಾತೇ ಕೋರಿಕೆಯಾಗಬೇಕಿಲ್ಲ. "ಸರ್, ನಮ್ಮ ಜುಲೈ ಸರಕು ಈಗ ಎಲ್ಲಿದೆ?" ಎಂದು ಕೇಳಿ. ಎಷ್ಟು ಕೇಳಬಹುದು ಎನ್ನುವುದನ್ನು ಇದರ ಉತ್ತರ ನಿರ್ಧರಿಸುತ್ತದೆ. ಇನ್ನೂ ಹುರಿದಿಲ್ಲವೆಂದರೆ ತಾರೀಕು ಬದಲಿಸುವುದು ಸಲೀಸು. ಹುರಿದು ಚೀಲ ಕಟ್ಟಿಟ್ಟಿದ್ದರೆ ಅವರ ದುಡ್ಡೂ ಗೋದಾಮಿನ ಜಾಗವೂ ಸಿಕ್ಕಿಕೊಂಡಿರುತ್ತವೆ, ಒಂದಿಷ್ಟು ಬಾಡಿಗೆ ಕೇಳಿದರೆ ತಪ್ಪೆನ್ನಲಾಗದು. ಲಾರಿಗೇ ಹೇರಿದ್ದರೆ ಕಷ್ಟ. ಇ-ವೇ ಬಿಲ್ ರದ್ದು ಮಾಡಲು ಇರುವ ಸಮಯ 24 ಗಂಟೆ ಮಾತ್ರ, ದಾರಿಯಲ್ಲಿ ತಪಾಸಣೆಯಾಗಿದ್ದರೆ ಅದೂ ಇಲ್ಲ. ಆಗ 12 ಚೀಲವನ್ನೂ ಇಳಿಸಿಕೊಂಡು, ಆಗಸ್ಟಿನ 12ರಲ್ಲಿ 6 ಮಾತ್ರ ಕಳಿಸಿ ಎನ್ನುವುದೇ ಜಾಣತನ.

ಪೌಚಿನ ವಿಷಯದಲ್ಲಿ ಗಡಿ ಇನ್ನೂ ಬಿಗಿ. ಅಚ್ಚಾದ ಮೇಲೆ ಅದನ್ನು ಬೇರೆಯವರಿಗೆ ಮಾರಲು ಬರುವುದಿಲ್ಲ, ಮೇಲೆ ನಿಮ್ಮ ಹೆಸರಿದೆ. ಅಚ್ಚಿಗೆ ಮುಂಚೆಯಾದರೆ ತಾರೀಕು ಕೇಳಿ. ಆನಂತರವಾದರೆ ಕಂತುಗಳಲ್ಲಿ ಕಳಿಸಲು ಮಾತ್ರ ಕೇಳಬಹುದು.

ಫೋನಿನಲ್ಲಿ ಒಪ್ಪಿದ್ದನ್ನು ಅಂದೇ ಬರಹಕ್ಕೆ ಇಳಿಸಬೇಕು. ವಾಟ್ಸ್‌ಆ್ಯಪ್ ಆದರೂ ಸರಿ, ಇಮೇಲ್ ಆದರೂ ಸರಿ. ಬೆಂಗಳೂರಿನ ಏಜೆಂಟರ ಮೂಲಕ ತರಿಸುವವರು ಹೀಗೆ ಬರೆಯಬಹುದು:

"ನಮಸ್ಕಾರ ಸರ್. ನಮ್ಮ ಮೇ 20ರ ಆರ್ಡರ್ ನಂ. 14ರ ಬಗ್ಗೆ. ರೋಸ್ಟರ್ ರಿಪೇರಿಯಿಂದ ಜುಲೈನಲ್ಲಿ ನಮ್ಮ ಕೆಲಸ ಅರ್ಧಕ್ಕೆ ಇಳಿಯುತ್ತಿದೆ. ಒಟ್ಟು 36 ಚೀಲ, ದರ, ಪಾವತಿ ಯಾವುದೂ ಬದಲಾಗಿಲ್ಲ. ಸರಕು ನಮಗೆ ತಲುಪುವ ದಿನ ಮಾತ್ರ ಹೀಗೆ ಬದಲಿಸಿಕೊಡಿ: ಜುಲೈ 5ಕ್ಕೆ 6 ಚೀಲ, ಆಗಸ್ಟ್ 5ಕ್ಕೆ 12, ಆಗಸ್ಟ್ 28ಕ್ಕೆ 18. ಇದು ಹೊಸ ಆರ್ಡರ್ ಅಲ್ಲ, ಹಳೆಯ ವೇಳಾಪಟ್ಟಿಯ ಜಾಗಕ್ಕೆ ಇದು. ಜೂನ್ 26ರೊಳಗೆ ಒಪ್ಪಿಗೆ ತಿಳಿಸಿದರೆ ಉಪಕಾರ. ಸರಕು ಈಗಾಗಲೇ ಹೊರಟಿದ್ದರೆ 12 ಚೀಲವನ್ನೂ ಇಳಿಸಿಕೊಳ್ಳುತ್ತೇವೆ, ಆಗಸ್ಟ್ 5ಕ್ಕೆ 6 ಸಾಕು."

'ಇದು ಹೊಸ ಆರ್ಡರ್ ಅಲ್ಲ' ಎಂಬ ಸಾಲನ್ನು ಬಿಡಬೇಡಿ. ಅದಿಲ್ಲದಿದ್ದರೆ ಅಲ್ಲಿನ ಗುಮಾಸ್ತರು ಹಳೆಯದರ ಜೊತೆಗೆ ಹೊಸದನ್ನೂ ಸೇರಿಸಿ ಕಳಿಸುವುದುಂಟು. 'ತಲುಪುವ ದಿನ' ಎಂದು ಬಿಡಿಸಿ ಬರೆಯುವುದೂ ಮುಖ್ಯ. ಬರೀ ತಾರೀಕು ಹಾಕಿದರೆ ಅವರು ಅದನ್ನು ಲಾರಿ ಹೊರಡುವ ದಿನವೆಂದುಕೊಳ್ಳುತ್ತಾರೆ. ಕಾರಣಕ್ಕೆ ಒಂದೇ ವಾಕ್ಯ ಸಾಕು. ಉತ್ತರ ಬರುವವರೆಗೆ ಹಳೆಯ ವೇಳಾಪಟ್ಟಿಯೇ ಊರ್ಜಿತ. 1872ರ ಕರಾರು ಕಾಯಿದೆಯ 62ನೇ ಕಲಮಿನಂತೆ ಕರಾರು ಬದಲಾಗಲು ಎರಡೂ ಕಡೆಯವರ ಒಪ್ಪಿಗೆ ಬೇಕು. ನೀಲಿ ಗೆರೆ ಬಿದ್ದ ಮಾತ್ರಕ್ಕೆ ಒಪ್ಪಿಗೆಯಾಗುವುದಿಲ್ಲ.

ಕೆಲವು ಪೂರೈಕೆದಾರರು "ಬಿಲ್ ಈಗ ಹಾಕುತ್ತೇವೆ, ಸರಕು ಆಮೇಲೆ ಕಳಿಸುತ್ತೇವೆ" ಎನ್ನುತ್ತಾರೆ. ಒಪ್ಪಬೇಡಿ. ಸರಕು ಕೈಸೇರದೆ ಅದರ ಮೇಲಿನ ಜಿಎಸ್‌ಟಿ ಜಮೆ ನಿಮಗೆ ಸಿಗುವುದಿಲ್ಲ. ಅದಕ್ಕಿಂತ ಬಿಡಿ ಬಾಡಿಗೆ ಕೊಡುವುದೇ ಲೇಸು. 6 ಚೀಲಕ್ಕೆ ಸಾಗಣೆ ಚೀಲವೊಂದಕ್ಕೆ ಹೆಚ್ಚು ಬಿದ್ದರೆ ಆ ವ್ಯತ್ಯಾಸವನ್ನು ಯಾರು ಕೊಡಬೇಕೆಂದೂ ಮೊದಲೇ ಮಾತಾಡಿಕೊಳ್ಳಿ. ಬದಲಾವಣೆ ಕೇಳಿದವರು ನಾವಾದ್ದರಿಂದ ನಾವೇ ಹೊರುವುದು ನ್ಯಾಯ ಎಂದು ನನ್ನ ಲೆಕ್ಕ.

ಪೂರೈಕೆದಾರರು ಒಪ್ಪದೆ 12 ಚೀಲವೂ ಬಂದೇಬಿಟ್ಟರೆ? ಹುರಿದ ಚಿಕೋರಿ ಗಾಳಿಯ ತೇವವನ್ನು ಬಹಳ ಬೇಗ ಹೀರಿಕೊಳ್ಳುತ್ತದೆ. ಜುಲೈನ ಮೂಡಿಗೆರೆಯಲ್ಲಿ ಅದನ್ನು ಕಾಪಾಡುವುದೇ ಒಂದು ಕೆಲಸ. ಒಳಗಿನ ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿದಿರಬೇಕು, ಚೀಲಗಳು ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಯ ಮೇಲಿರಬೇಕು. ಒಂದು ಹಿಡಿ ತೆಗೆದು ಅದುಮಿದಾಗ ಉಂಡೆ ಕಟ್ಟಿದರೆ ಅಥವಾ ಅಂಗೈಗೆ ಅಂಟಿದರೆ ತೇವ ಹಿಡಿದಿದೆ ಎಂದೇ ಅರ್ಥ. ಚಿಕ್ಕಮಗಳೂರು ಪೇಟೆಯಲ್ಲಿ ಮಳೆ ಕಡಿಮೆ. ಅಲ್ಲಿ ಪರಿಚಯದವರ ಗೋದಾಮಿದ್ದರೆ 6 ಚೀಲವನ್ನು ಅಲ್ಲೇ ಇಳಿಸಿಬಿಡಬಹುದು.

ಹೆಚ್ಚಾದ ಚಿಕೋರಿಯನ್ನು ಪುಡಿಯಲ್ಲೇ ತುಸು ಜಾಸ್ತಿ ಸೇರಿಸಿ ಮುಗಿಸುವ ಯೋಚನೆ ಬರಬಹುದು. ಆಹಾರ ಸುರಕ್ಷತಾ ನಿಯಮದಲ್ಲಿ ಕಾಫಿ ಕನಿಷ್ಠ 51 ಪಾಲು ಇದ್ದರೆ ಸಾಕು, ನಿಜ. ಆದರೆ ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಲೇಬೇಕು, ನಿಮ್ಮ ಪೌಚಿನ ಮೇಲೆ ಇರುವುದು 70:30. ಅದನ್ನು 65:35 ಮಾಡಿದ ದಿನ ಗೋದಾಮಿನಲ್ಲಿರುವ ಪೌಚೆಲ್ಲ ದಂಡ.

ಒಪ್ಪಿಗೆ ಬಂದ ಮೇಲೆ ಹೊಸ ವೇಳಾಪಟ್ಟಿಯನ್ನು ಏಜೆಂಟರಿಗಷ್ಟೇ ಅಲ್ಲದೆ, ಲೋಡ್ ಕಳಿಸುವ ಗೋದಾಮಿಗೂ ಲಾರಿ ಆಫೀಸಿಗೂ ಕಳಿಸಿ. ಜುಲೈ ಲೋಡಿನ ಬಿಲ್ ಬಂದ ಕೂಡಲೇ ಅದರಲ್ಲಿ 6 ಚೀಲವಿದೆಯೇ, ಆರ್ಡರ್ ಸಂಖ್ಯೆ 14 ಇದೆಯೇ ನೋಡಿ. 12 ಎಂದಿದ್ದರೆ ಲಾರಿ ಬರುವ ಮುಂಚೆಯೇ ಫೋನ್ ಮಾಡಬೇಕು.