ಓದೋದು ಕನ್ನಡದಲ್ಲಿ, ತುಂಬೋದು ಮರಾಠಿಯಲ್ಲಿ: ಗಡಿಯಾಚೆಯ ಜಮೀನಿನ ವಾರಸಾ ಅರ್ಜಿ

"ಅಣ್ಣಾ, ಇಲ್ಲಿ ನೋಡು, ನಮ್ಮ ಹೊಲಕ್ಕ ಹೊಟ್ಟಿ ಕೆಟ್ಟದ ಅಂತ ಬರದಾರ!"

ಜತ್ ತಾಲೂಕಿನಲ್ಲಿರುವ ನನ್ನ ದೊಡ್ಡವ್ವನ ಮಗ ಫೋನು ತೋರಿಸಿ ಹೀಗೆ ನಕ್ಕ. ಅವನ ಪರದೆಯ ಮೇಲೆ ಇದ್ದದ್ದು ಸಾತ್‌ಬಾರಾ ಉತಾರ. ಅದರಲ್ಲಿದ್ದ `पोटखराब` ಅನ್ನೋ ಪದವನ್ನು ಬ್ರೌಸರ್ ಎರಡು ತುಂಡು ಮಾಡಿ ಕನ್ನಡಕ್ಕೆ ತಂದಿತ್ತು. ಮರಾಠಿಯಲ್ಲಿ ಪೋಟ್ ಅಂದ್ರೆ ಹೊಟ್ಟೆ ಅನ್ನೋದು ನಿಜ. ಆದರೆ ಉತಾರದಲ್ಲಿ ಪೋಟ್‌ಖರಾಬ್ ಅಂದ್ರೆ ಉಳುಮೆಗೆ ಬಾರದ ಜಾಗ, ನಮ್ಮ ಪಹಣಿಯಲ್ಲಿ ಖರಾಬು ಅಂತ ಇರುತ್ತಲ್ಲ, ಅದೇ.

ಇಷ್ಟಕ್ಕೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅವತ್ತು ನಾವು ಕೂತಿದ್ದು ದೊಡ್ಡಪ್ಪ ತೀರಿಕೊಂಡ ಮೇಲೆ ಜಮೀನನ್ನು ಮನೆಯವರ ಹೆಸರಿಗೆ ಮಾಡಿಸುವ ಅರ್ಜಿ ತುಂಬೋಕೆ. ನಮ್ಮ ಕಡೆ ಪೌತಿ ಖಾತೆ ಅಂತೀವಿ, ಮಹಾರಾಷ್ಟ್ರದಲ್ಲಿ ಅದಕ್ಕೆ `वारस नोंद`, ಅಂದ್ರೆ ವಾರಸಾ ನೋಂದಣಿ. ಅಲ್ಲಿನ ಇ-ಹಕ್ಕ ಪೋರ್ಟಲ್‌ನಲ್ಲಿ ಯೂಸರ್ ಐಡಿ ಮಾಡಿಕೊಂಡು ಮನೆಯಿಂದಲೇ ಅರ್ಜಿ ಹಾಕಬಹುದು. ಆ ಅರ್ಜಿ ತಲಾಠಿಗೆ ಹೋಗುತ್ತೆ. ಅರ್ಜಿಯಲ್ಲಿ ಹೆಸರು ತಪ್ಪಾದರೆ ಉತಾರದಲ್ಲೂ ತಪ್ಪಾಗುವ ಭಯ. ಮುಂದೆ ಬ್ಯಾಂಕ್ ಸಾಲ, ಪಿಎಂ ಕಿಸಾನ್, ಬೆಳೆ ವಿಮೆ ಎಲ್ಲವೂ ಆ ಉತಾರದ ಮೇಲೇ ನಿಂತಿರುತ್ತವೆ.

ನನ್ನ ತಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ. ಮರಾಠಿ ಮಾತಾಡ್ತಾನೆ, ಸಂತೆಯಲ್ಲಿ ವ್ಯಾಪಾರ ಮಾಡ್ತಾನೆ. ಆದರೆ ಕಂದಾಯ ಇಲಾಖೆಯ ಮರಾಠಿ ಬೇರೇನೇ. ಹಾಗಾಗಿ ಪೇಜನ್ನು ಕನ್ನಡಕ್ಕೆ ಅನುವಾದಿಸಿಕೊಂಡು ತುಂಬೋಕೆ ಶುರು ಮಾಡಿದ್ದ. ಅಲ್ಲಿ ಏನೇನು ಆಯ್ತು, ಕೊನೆಗೆ ಹೇಗೆ ಸರಿ ಮಾಡಿದೆವು ಅನ್ನೋದನ್ನ ಇಲ್ಲಿ ಬರೆದಿದ್ದೀನಿ. ಬೇರೆ ಭಾಷೆಯ ಯಾವ ಪೋರ್ಟಲ್‌ಗೂ ಇದೇ ದಾರಿ ನಡೆಯುತ್ತೆ.

ಬ್ರೌಸರ್ ಏನನ್ನ ಬದಲಿಸುತ್ತೆ, ಏನನ್ನ ಬಿಡುತ್ತೆ

ಅನುವಾದ ಒತ್ತಿದಾಗ ಬ್ರೌಸರ್ ಪೇಜಿನಲ್ಲಿ ಕಾಣುವ ಅಕ್ಷರಗಳನ್ನ ಮಾತ್ರ ಬದಲಿಸುತ್ತೆ. ಖಾನೆಯ ಮೇಲಿನ ಹೆಸರು, ಬಟನ್, ಡ್ರಾಪ್‌ಡೌನ್ ಪಟ್ಟಿ, ಟೇಬಲ್‌ನಲ್ಲಿ ಬರುವ ಖಾತೆದಾರರ ಹೆಸರು ಎಲ್ಲವೂ ಕನ್ನಡವಾಗುತ್ತವೆ. ಖಾನೆಯೊಳಗೆ ನೀವು ಟೈಪ್ ಮಾಡಿದ್ದು ಮಾತ್ರ ಹಾಗೇ ಇರುತ್ತೆ. ನೀವು ಕನ್ನಡದಲ್ಲಿ ಬರೆದರೆ ಸರ್ಕಾರಕ್ಕೆ ಕನ್ನಡವೇ ಹೋಗುತ್ತೆ, ಅದು ಮರಾಠಿಯಾಗಿ ತಿರುಗಲ್ಲ.

ಇನ್ನೊಂದು ತೊಂದರೆ ಡ್ರಾಪ್‌ಡೌನ್‌ಗಳದ್ದು. ಜಿಲ್ಲೆ ಆರಿಸಿದ ಮೇಲೆ ತಾಲೂಕಿನ ಪಟ್ಟಿ, ತಾಲೂಕು ಆರಿಸಿದ ಮೇಲೆ ಊರಿನ ಪಟ್ಟಿ ತಾನಾಗಿ ತುಂಬಬೇಕು. ಅನುವಾದ ಚಾಲೂ ಇದ್ದಾಗ ಬ್ರೌಸರ್ ಪೇಜಿನ ಒಳಗಿನ ಅಕ್ಷರಗಳನ್ನ ಕಿತ್ತು ಬೇರೆ ಇಡುವುದರಿಂದ ಕೆಲವು ಪೇಜುಗಳು ಅಲ್ಲೇ ನಿಂತುಬಿಡುತ್ತವೆ. ಪಟ್ಟಿ ಖಾಲಿ ಬರುತ್ತೆ, ಬಟನ್ ಒತ್ತಿದರೂ ಏನೂ ಆಗಲ್ಲ. ನೆಟ್‌ವರ್ಕ್ ಇಲ್ಲ ಅಂದುಕೊಂಡು ನಾವು ಮತ್ತೆ ಮತ್ತೆ ಒತ್ತುತ್ತೀವಿ. ಹೀಗಾದಾಗ ಮೊದಲು ಅನುವಾದ ತೆಗೆದು ಪೇಜನ್ನು ಮತ್ತೆ ತೆರೆಯಿರಿ, ನೆಟ್ ಬಗ್ಗೆ ಆಮೇಲೆ ನೋಡಿದರಾಯ್ತು.

ಅದಕ್ಕೇ ನಾವು ಒಂದೇ ನಿಯಮ ಇಟ್ಟುಕೊಂಡೆವು. ಕನ್ನಡದಲ್ಲಿ ಓದು, ಮರಾಠಿಯಲ್ಲಿ ತುಂಬು.

ಮಾಡುವ ಕ್ರಮ

ಪ್ರತಿ ಪೇಜು ತೆರೆದ ಕೂಡಲೇ, ಏನೂ ತುಂಬದೇ, ಮೊದಲು ಮರಾಠಿಯ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ `Translate` ಆರಿಸಿ, ಕನ್ನಡ ಮಾಡಿ, ಇನ್ನೊಂದು ಸ್ಕ್ರೀನ್‌ಶಾಟ್ ತೆಗೆಯಿರಿ. ನಂತರ ಅನುವಾದದ ಪಟ್ಟಿಯಲ್ಲಿ ಮರಾಠಿ ಒತ್ತಿ ಮೂಲಕ್ಕೆ ವಾಪಸ್ ಬನ್ನಿ. ಪೇಜಿನ ತುಂಬ ದೇವನಾಗರಿ ಅಕ್ಷರ ಕಂಡಮೇಲೆಯೇ ತುಂಬೋಕೆ ಶುರು ಮಾಡಿ. ಎರಡು ಸ್ಕ್ರೀನ್‌ಶಾಟ್‌ಗಳಲ್ಲಿ ಖಾನೆಗಳ ಸಾಲು ಒಂದೇ ಇರೋದರಿಂದ, ಮೂರನೇ ಖಾನೆ ಯಾವುದು ಅಂತ ಕನ್ನಡದ ಚಿತ್ರ ನೋಡಿ ತಿಳಿಯಬಹುದು. ಒಂದೇ ಲಾಗಿನ್ ಅನ್ನು ಎರಡು ಟ್ಯಾಬ್‌ನಲ್ಲಿ ತೆರೆಯೋಕೆ ಹೋಗಬೇಡಿ, ಅರ್ಧ ತುಂಬಿದ ಅರ್ಜಿ ಕಳೆದುಹೋಗಬಹುದು.

ಈ ಭಾಷೆಯನ್ನು ಯಾವಾಗಲೂ ಅನುವಾದಿಸು ಅನ್ನೋ ಆಯ್ಕೆ ಆನ್ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಪೇಜು ಬದಲಾದಾಗಲೆಲ್ಲ ತಾನಾಗಿ ಕನ್ನಡ ಆಗುತ್ತೆ. ಆನ್‌ಲೈನ್ ಅನುವಾದಕ್ಕೆ ಪೇಜಿನ ಅಕ್ಷರಗಳು ಅನುವಾದ ಸರ್ವರ್‌ಗೆ ಹೋಗುತ್ತವೆ ಅನ್ನೋದೂ ಗೊತ್ತಿರಲಿ. ಆಧಾರ್, ಬ್ಯಾಂಕ್ ವಿವರ ಕಾಣುವ ಪೇಜಿನಲ್ಲಿ ಅನುವಾದ ಬೇಡವೇ ಬೇಡ.

ನಮ್ಮನ್ನು ಎಡವಿಸಿದ ನಾಲ್ಕು ಜಾಗ

ಮೊದಲನೆಯದು ಅರ್ಜಿಯ ಬಗೆ. ಪಟ್ಟಿಯಲ್ಲಿ `वारस नोंद` ಅಂತಲೂ ಇದೆ, `मयताचे नाव कमी करणे` ಅಂತಲೂ ಇದೆ. ಎರಡನೆಯದು ಕನ್ನಡದಲ್ಲಿ "ಸತ್ತವರ ಹೆಸರು ಕಡಿಮೆ ಮಾಡುವುದು" ಅಂತ ಬಂತು. ನಮಗೆ ಬೇಕಾದ್ದು ಅದೇ ಅಂತ ತಮ್ಮ ಒತ್ತಿಯೇಬಿಟ್ಟಿದ್ದ. ಆದರೆ ಅದು ಸತ್ತವರ ಹೆಸರು ತೆಗೆಯುವುದಕ್ಕಷ್ಟೇ ಇರುವ ಅರ್ಜಿ. ಹೊಸ ವಾರಸುದಾರರ ಹೆಸರು ಸೇರಿಸೋಕೆ `वारस नोंद` ಬೇಕು. ಅನುವಾದದಲ್ಲಿ ಎರಡು ಆಯ್ಕೆ ಹತ್ತಿರ ಹತ್ತಿರ ಕಂಡರೆ, ಎರಡರ ಮೂಲ ಪದವನ್ನೂ ಮರಾಠಿ ಬಲ್ಲವರಿಗೆ ಫೋನಿನಲ್ಲಿ ಓದಿ ಹೇಳಿ ಕೇಳಿ. ಎರಡು ನಿಮಿಷದ ಕೆಲಸ.

ಎರಡನೆಯದು `खाते क्रमांक`. ಕನ್ನಡದಲ್ಲಿ "ಖಾತೆ ಸಂಖ್ಯೆ" ಅಂತ ಸರಿಯಾಗಿಯೇ ಬರುತ್ತೆ, ಎಡವೋದು ನಾವೇ. ತಮ್ಮ ಬ್ಯಾಂಕ್ ಪಾಸ್‌ಬುಕ್ ನೋಡಿ ಉದ್ದನೆಯ ನಂಬರ್ ಹಾಕಿದ. ದಾಖಲೆ ಸಿಗಲಿಲ್ಲ ಅಂತ ಬಂತು. ಇಲ್ಲಿ ಕೇಳೋದು 8-ಅ ಉತಾರದ ಮೇಲಿರುವ ಜಮೀನಿನ ಖಾತೆ ನಂಬರ್. ಒಂದು ಊರಿನಲ್ಲಿ ಒಂದು ಖಾತೆಗೆ ಸೇರಿದ ಎಲ್ಲ ಹೊಲಗಳೂ ಆ 8-ಅ ಉತಾರದಲ್ಲಿ ಒಟ್ಟಿಗೆ ಇರುತ್ತವೆ. ಆ ನಂಬರ್ ಚಿಕ್ಕದು. ಅದನ್ನು ಹಾಕಿದ ಮೇಲೆ ದೊಡ್ಡಪ್ಪನ ಹೆಸರು ತಾನಾಗಿ ಬಂತು. ಹೀಗೆ ಸರಿಯಾದ ಹೆಸರು ಬರೋದೇ ನಂಬರ್ ಸರಿ ಇದೆ ಅನ್ನೋದಕ್ಕೆ ಗುರುತು.

ಮೂರನೆಯದು `गट क्रमांक`. ಇದು "ಗುಂಪು ಸಂಖ್ಯೆ" ಅಂತ ಬಂತು. ಸ್ವಸಹಾಯ ಗುಂಪೇ, ರಕ್ತದ ಗುಂಪೇ ಅಂತ ಯೋಚಿಸುವ ಹಾಗೆ. ನಿಜಕ್ಕೂ ಅದು ಹೊಲದ ನಂಬರ್, ನಮ್ಮ ಸರ್ವೆ ನಂಬರ್ ಇದ್ದ ಹಾಗೆ. ಇಲ್ಲಿ ಇನ್ನೂ ಒಂದು ಸಣ್ಣ ಗುಂಡಿ ಇದೆ. ಹೊಲ ಪಾಲಾಗಿದ್ದರೆ ನಂಬರ್ ಪಕ್ಕ `अ`, `ब`, `क` ಅಂತ ಅಕ್ಷರ ಇರುತ್ತೆ, ಉದಾಹರಣೆಗೆ `214/2/क`. ಮರಾಠಿಯಲ್ಲಿ ಅ, ಬ, ಕ ಅನ್ನೋದು ಎ, ಬಿ, ಸಿ ಇದ್ದ ಹಾಗೆ. ಅನುವಾದದಲ್ಲಿ ಅದು ಸಿ ಆಗಿ ಕಂಡರೆ, ನೀವು ಸಿ ಅಂತ ಬರೆದರೆ ಆ ಹೊಲ ಸಿಗಲ್ಲ. ಪಟ್ಟಿಯಿಂದ ಆರಿಸುವುದಾದರೂ, ಟೈಪ್ ಮಾಡುವುದಾದರೂ, ಉತಾರದಲ್ಲಿರುವ ಅಕ್ಷರವನ್ನೇ ನೋಡಿ ಮಾಡಿ.

ನಾಲ್ಕನೆಯದು `मयताशी नाते`, ಅಂದ್ರೆ ಸತ್ತವರ ಜೊತೆಗಿನ ಸಂಬಂಧ. ಮರಾಠಿಯ `मुलगा` ಅನ್ನೋದಕ್ಕೆ ಹುಡುಗ ಅಂತಲೂ ಅರ್ಥ, ಮಗ ಅಂತಲೂ ಅರ್ಥ. ನಮ್ಮ ಪರದೆಯಲ್ಲಿ ಬಂದದ್ದು ಹುಡುಗ, ಹುಡುಗಿ. ನಲವತ್ತು ದಾಟಿದ ಅಕ್ಕನನ್ನು ಹುಡುಗಿ ಅಂತ ಹೇಗೆ ಆರಿಸೋದು ಅಂತ ತಮ್ಮ ಅವಳ ಸಾಲನ್ನೇ ಬಿಟ್ಟು ಮುಂದೆ ಹೋಗಿದ್ದ. ಮದುವೆಯಾದ ಮಗಳೂ ವಾರಸುದಾರಳೇ. ಅವಳ ಹೆಸರು ಬಿಟ್ಟರೆ ಅರ್ಜಿಯೇ ಸುಳ್ಳಾಗುತ್ತೆ, ನಾಳೆ ತಕರಾರಿಗೂ ದಾರಿಯಾಗುತ್ತೆ. ದೊಡ್ಡವ್ವ `पत्नी`, ಇಬ್ಬರು ಗಂಡುಮಕ್ಕಳು `मुलगा`, ಅಕ್ಕ `मुलगी`. ಹೀಗೆ ನಾಲ್ಕು ಸಾಲು ತುಂಬಿದೆವು.

ಹೆಸರು ಬರೆಯುವಾಗ

ಹೆಸರನ್ನು ಅನುವಾದದ ಪೇಜು ನೋಡಿ ಯಾವತ್ತೂ ಬರೆಯಬೇಡಿ. ಅಲ್ಲಿ ಕಾಣೋದು ಬ್ರೌಸರ್ ಮಾಡಿದ ಹೆಸರು. ಕನ್ನಡದ ಹೆಸರು ಮರಾಠಿಗೆ ಹೋಗಿ ಮತ್ತೆ ಕನ್ನಡಕ್ಕೆ ಬರುವಷ್ಟರಲ್ಲಿ ಒತ್ತಕ್ಷರ ಬಿದ್ದುಹೋಗಬಹುದು, ಬಸವ್ವ ಹೋಗಿ ಬಸವ ಆಗಬಹುದು. ಮರಾಠಿಯಲ್ಲಿ `बसव्वा` ಬೇರೆ, `बसवा` ಬೇರೆ. ಮಹಾರಾಷ್ಟ್ರದ ಆಧಾರ್ ಕಾರ್ಡಿನಲ್ಲಿ ಹೆಸರು ಮರಾಠಿಯಲ್ಲೂ ಅಚ್ಚಾಗಿರುತ್ತೆ. ಅದನ್ನೇ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ಹೊಂದಿಸಿ. ಫೋನಿನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಮರಾಠಿ ಸೇರಿಸಿಕೊಂಡರೆ ದೇವನಾಗರಿಯಲ್ಲಿ ಟೈಪ್ ಮಾಡಬಹುದು. ಕೀಬೋರ್ಡ್ ತಾನಾಗಿ ಸೂಚಿಸುವ ಪದವನ್ನು ಅವಸರದಲ್ಲಿ ಒತ್ತಬೇಡಿ. ನಮ್ಮ ಊರ ಹೆಸರುಗಳು ಅದಕ್ಕೆ ಗೊತ್ತಿರಲ್ಲ, ಹತ್ತಿರದ ಮರಾಠಿ ಪದ ಕೂರಿಸಿಬಿಡುತ್ತೆ.

ಸಲ್ಲಿಸುವ ಮುಂಚೆ

ಕೊನೆಯ ಪೇಜಿನಲ್ಲಿ ಅನುವಾದ ತೆಗೆದು, ನಾನು ಪರದೆಯ ಮೇಲಿದ್ದದ್ದನ್ನ ಜೋರಾಗಿ ಓದಿದೆ. ತಮ್ಮ 8-ಅ ಉತಾರ, ಸಾತ್‌ಬಾರಾ, ಮರಣ ಪ್ರಮಾಣಪತ್ರ ಮತ್ತು ನಾಲ್ಕು ಆಧಾರ್ ಕಾರ್ಡ್ ಹಿಡಿದು ಹೋಲಿಸಿದ. ಮರಣದ ದಿನಾಂಕದಲ್ಲಿ ತಿಂಗಳು ಒಂದು ಹಿಂದೆ ಬಿದ್ದಿತ್ತು, ಕ್ಯಾಲೆಂಡರಿನಲ್ಲಿ ಬೆರಳು ಜಾರಿತ್ತು. ಸರಿ ಮಾಡಿ ಸಲ್ಲಿಸಿದೆವು, ಅರ್ಜಿ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟೆವು.

ಸಲ್ಲಿಸಿದ ಮೇಲೆ ತಪ್ಪು ಕಂಡರೆ ಇನ್ನೊಂದು ಹೊಸ ಅರ್ಜಿ ಹಾಕೋಕೆ ಹೋಗಬೇಡಿ. ಅರ್ಜಿ ಸಂಖ್ಯೆ ಮತ್ತು ಮೂಲ ಕಾಗದ ಹಿಡಿದು ತಲಾಠಿಯನ್ನು ನೋಡಿ. ಫೇರ್‌ಫಾರ್ ಅಂದ್ರೆ ಮ್ಯುಟೇಶನ್ ಬರೆದ ಮೇಲೆ ತಕರಾರಿಗೆ 15 ದಿನದ ನೋಟಿಸ್ ಇರುತ್ತೆ, ಅದಾದ ಮೇಲೆಯೇ ಅದು ಮಂಜೂರಾಗೋದು. ಆ ನೋಟಿಸಿನಲ್ಲಿ ನಿಮ್ಮ ಮನೆಯವರ ಹೆಸರು ಹೇಗೆ ಬರೆದಿದೆ ಅನ್ನೋದನ್ನ ಇನ್ನೊಂದು ಸಲ ಓದಿ, ಅದನ್ನೂ ಮರಾಠಿಯಲ್ಲೇ.